ಶುಕ್ರವಾರ ರಾತ್ರಿ ಎಂದರೆ ಯಾವ ರಾತ್ರಿ? ನೀರಿನ ಸೂಚನೆಯೊಂದರ ಅರಬ್ಬಿ ಅನುವಾದದ ಬಗ್ಗೆ

ಬಳ್ಳಾರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಓದಿಗೆಂದು ಬಂದಿರುವ ಸುಡಾನಿನ ಒಂದು ಕುಟುಂಬವೂ ಕೆಲಸದ ಮೇಲೆ ಬಂದಿರುವ ಇರಾಕಿನ ಒಂದು ಕುಟುಂಬವೂ ಬಾಡಿಗೆಗೆ ಇವೆ. ಎರಡೂ ಮನೆಗಳಲ್ಲಿ ಗಂಡಸರಿಗೆ ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ. ಆದರೆ ಹಗಲಿಡೀ ಮನೆಯಲ್ಲಿದ್ದು, ನೀರು ಹಿಡಿದಿಟ್ಟುಕೊಳ್ಳುವ ಹೆಣ್ಣುಮಕ್ಕಳು ಓದುವುದು ಅರಬ್ಬಿಯನ್ನು ಮಾತ್ರ. ಹೀಗಾಗಿ ನೀರು ನಿಲ್ಲುವ ಸೂಚನೆಯನ್ನು ಅರಬ್ಬಿಯಲ್ಲಿಯೂ ಹಾಕಬೇಕೆಂದು ನಮ್ಮ ಸಂಘದವರು ತೀರ್ಮಾನಿಸಿ, ಕುವೈತಿನ ಕಚೇರಿಯೊಂದರಲ್ಲಿ ಬಹಳ ವರ್ಷ ಪತ್ರವ್ಯವಹಾರ ನೋಡಿಕೊಂಡಿದ್ದ ನನಗೆ ಆ ಕೆಲಸ ಒಪ್ಪಿಸಿದರು. ಅದನ್ನು ಮಾಡುವಾಗ ತಿಳಿದದ್ದನ್ನು ಬೇರೆ ಅಪಾರ್ಟ್‌ಮೆಂಟುಗಳವರಿಗೂ ಉಪಯೋಗವಾದೀತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿದ್ದ ಸೂಚನೆಯ ಸಾರಾಂಶ ಇಷ್ಟು: «ನಿರ್ವಹಣಾ ಕಾಮಗಾರಿಯ ನಿಮಿತ್ತ ದಿನಾಂಕ 11-07-2025ರ ಶುಕ್ರವಾರ ರಾತ್ರಿ 12-6 ನೀರು ಸರಬರಾಜು ಇರುವುದಿಲ್ಲ. ನಿವಾಸಿಗಳು ಸಹಕರಿಸಬೇಕು.» ಕನ್ನಡದವರು ಇದನ್ನು ಓದಿದರೆ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಸೂರ್ಯ ಹುಟ್ಟಿದಾಗ ದಿನ ಹುಟ್ಟುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತ ಅಜ್ಜಿಯನ್ನು ಇವತ್ತು ಯಾವ ವಾರ ಎಂದು ಕೇಳಿದರೆ ಆಕೆ ಶುಕ್ರವಾರ ಎಂದೇ ಹೇಳುತ್ತಾಳೆ. ಗಡಿಯಾರದ ಲೆಕ್ಕ ಹಾಗಲ್ಲ. ಹನ್ನೆರಡು ಹೊಡೆದರೆ ಅಲ್ಲಿ ಶನಿವಾರ, ತಾರೀಖು 12. ಅಂದರೆ ಸಂಘದವರ ಮನಸ್ಸಿನಲ್ಲಿದ್ದ ಆ ಆರು ಗಂಟೆಗಳು ಗಡಿಯಾರದ ಪ್ರಕಾರ ಶುಕ್ರವಾರಕ್ಕೆ ಸೇರಿದವೇ ಅಲ್ಲ. ಬರೆದ ತಾರೀಖನ್ನು ಅಕ್ಷರಶಃ ಹಿಡಿದು ಓದುವವನು, 11ನೇ ತಾರೀಖಿನ ಹನ್ನೆರಡು ಗಂಟೆ ಎಂದರೆ ಗುರುವಾರ ಮಲಗಿದ ಮೇಲೆ ಬರುವ ಹನ್ನೆರಡು ಎಂದು ತಿಳಿದರೆ ಅವನದು ತಪ್ಪಲ್ಲ.

ಅರಬ್ಬಿಗೆ ಬಂದಾಗ ಈ ಗೊಂದಲ ಇನ್ನೂ ಆಳಕ್ಕೆ ಹೋಗುತ್ತದೆ. ಹಿಜ್ರಿ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ, ಆದ್ದರಿಂದ ರಾತ್ರಿ ಮೊದಲು ಬರುತ್ತದೆ, ಅದರ ಹಗಲು ಆಮೇಲೆ. ಶುಕ್ರವಾರ ರಾತ್ರಿ ಎಂಬುದನ್ನು ಪದಕ್ಕೆ ಪದ ಇಟ್ಟು «ಲೈಲತುಲ್ ಜುಮುಅ» ಎಂದು ಬರೆದರೆ, ಸಂಪ್ರದಾಯದ ಬಳಕೆಯಲ್ಲಿ ಅದು ಶುಕ್ರವಾರದ ಹಿಂದಿನ ರಾತ್ರಿ, ಅಂದರೆ ನಾವು ಗುರುವಾರ ರಾತ್ರಿ ಎನ್ನುವುದು. ಇದನ್ನು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೌಲ್ ಬಜಾರಿನ ದಖ್ಖನಿಯಲ್ಲಿ ಗುರುವಾರಕ್ಕೆ ಜುಮೇರಾತ್ ಎನ್ನುವುದು ಇದೇ ಲೆಕ್ಕದಿಂದ, ಜುಮ್ಮಾದ ರಾತ್ರಿ ಗುರುವಾರ ಸಂಜೆಗೇ ಬಂದುಬಿಡುತ್ತದೆ. ಎಲ್ಲ ಅರಬರೂ ಇವತ್ತು ಹೀಗೆಯೇ ಓದುತ್ತಾರೆಂದು ನಾನು ಹೇಳುವುದಿಲ್ಲ, ಕಚೇರಿಯ ರೂಢಿ ಇರುವವರು ಗಡಿಯಾರದ ಪ್ರಕಾರವೇ ಓದುತ್ತಾರೆ. ಆದರೆ ಒಂದೇ ಸೂಚನೆಯನ್ನು ಇಬ್ಬರು ಎರಡು ರೀತಿ ಓದುವ ಸಾಧ್ಯತೆ ಇದ್ದರೆ ಆ ಸೂಚನೆ ಕೆಲಸಕ್ಕೆ ಬಾರದು. ಹಿಂದೊಮ್ಮೆ ಬೇರೆಯವರು ಮಾಡಿಕೊಟ್ಟ ಅರಬ್ಬಿ ಚೀಟಿಯಲ್ಲಿ ಇದೇ ಪದ ಇತ್ತು. ಸುಡಾನಿನ ಮನೆಯವರು ಗುರುವಾರ ಸಂಜೆ ಬಕೆಟ್, ಡ್ರಮ್ಮುಗಳನ್ನೆಲ್ಲ ತುಂಬಿಟ್ಟರು, ಬೆಳಗಾದರೂ ನಲ್ಲಿಯಲ್ಲಿ ನೀರು ಬರುತ್ತಿದ್ದುದನ್ನು ನೋಡಿ ಕೆಲಸ ಮುಂದಕ್ಕೆ ಹೋಯಿತೆಂದುಕೊಂಡು ಹಿಡಿದಿಟ್ಟದ್ದನ್ನು ಬಳಸಿಬಿಟ್ಟರು. ಶನಿವಾರ ನಸುಕಿನಲ್ಲಿ ಮಗುವಿನ ಹಾಲಿನ ಬಾಟಲಿ ತೊಳೆಯಲೂ ಅವರ ಮನೆಯಲ್ಲಿ ನೀರಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇಂಥ ಸೂಚನೆಯನ್ನು ಇಂಗ್ಲಿಷಿನಿಂದ ನೇರವಾಗಿ ಅರಬ್ಬಿಗೆ ತಿರುಗಿಸಬಾರದು. ಮೊದಲು ಕೆಲಸ ಮಾಡುವವನ ಹತ್ತಿರ ಹೋಗಿ, ನಿಜವಾಗಿ ಏನು ನಡೆಯಲಿದೆ ಎಂದು ಕೇಳಿ, ಇಂಗ್ಲಿಷ್ ಸೂಚನೆಯನ್ನೇ ತಿದ್ದಬೇಕು. ಅರಬ್ಬಿ ಆಮೇಲಿನ ಮಾತು.

ನಾನು ಸಂಪು ತೊಳೆಯುವ ಪ್ಲಂಬರನ್ನು ಕೇಳಿದೆ. «ಹನ್ನೆರಡಕ್ಕಲ್ಲ ಸಾರ್, ಹನ್ನೊಂದಕ್ಕೆ ವಾಲ್ವ್ ಬಂದ್ ಮಾಡ್ತೀವಿ. ಆರಕ್ಕೆ ನಮ್ ಕೆಲಸ ಮುಗಿತೈತೆ, ಆದ್ರೆ ನೀರು ಮನೆಗೆ ಬರೋದು ಎಂಟಾಗ್ತೈತೆ» ಎಂದ. ಕಾರಣವನ್ನೂ ಅವನೇ ಹೇಳಿದ. ಮಳೆಗಾಲದ ಹೊಸ ನೀರು ಕಾಲುವೆಗೆ ಬಂದಾಗ ಕೆಂಪು ಮಣ್ಣೂ ಜೊತೆಗೆ ಬರುತ್ತದೆ. ಅಲ್ಲೀಪುರ ಕೆರೆಯಲ್ಲಿ ನಿಂತು, ಶುದ್ಧೀಕರಣವಾಗಿ ಬಂದರೂ ನಮ್ಮ ಸಂಪಿನ ತಳದಲ್ಲಿ ರಾಡಿ ಕೂರುತ್ತದೆ. ಶನಿವಾರ ನಸುಕಿನಲ್ಲಿ ನಮ್ಮ ಓಣಿಗೆ ಪಾಲಿಕೆಯ ನೀರಿನ ಸರದಿ. ಅದಕ್ಕೆ ಮುಂಚೆ ಸಂಪನ್ನು ಬರಿದು ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದು, ಆ ನೀರನ್ನೂ ಹೊರಹಾಕಿದರೆ ಬರುವ ಹೊಸ ನೀರು ಚೊಕ್ಕ ಸಂಪಿಗೆ ಬೀಳುತ್ತದೆ. ಅದು ಒಂದಿಷ್ಟು ತುಂಬಿದ ಮೇಲೆ ಮೋಟಾರು ಹಚ್ಚಿ ಮೇಲಿನ ಟ್ಯಾಂಕಿಗೆ ಏರಿಸಬೇಕು, ಅಲ್ಲಿಂದ ಮನೆಗಳಿಗೆ ಇಳಿಯಬೇಕು. ಆ ಎರಡು ಗಂಟೆ ಹಿಡಿಯುವುದು ಇದಕ್ಕೇ. ಮೊದಲು ಬರುವ ನೀರಿನಲ್ಲಿ ಬ್ಲೀಚಿಂಗಿನ ವಾಸನೆಯೂ ಸ್ವಲ್ಪ ಕೆಂಪೂ ಇರಬಹುದು, ಅದನ್ನು ಕುಡಿಯಲು ಹಿಡಿಯಬಾರದು.

«ನಿರ್ವಹಣಾ ಕಾಮಗಾರಿ» ಎಂಬ ಎರಡು ಪದಗಳ ಹಿಂದೆ ಇಷ್ಟೆಲ್ಲ ಇತ್ತು. ಕಾರಣವನ್ನು ಬಿಡಿಸಿ ಬರೆಯುವುದು ನಿವಾಸಿಗಳ ಸಮಾಧಾನಕ್ಕಾಗಿ ಮಾತ್ರವಲ್ಲ. ಕಾರಣ ಬೇರೆಯಾದರೆ ಮನೆಯವರು ಮಾಡಬೇಕಾದದ್ದೂ ಬೇರೆ. ಸಂಪು ತೊಳೆಯುತ್ತಿದ್ದರೆ ಯಾವ ನೀರೂ ಇರುವುದಿಲ್ಲ, ಬಂದ ಮೇಲೂ ಮೊದಲ ನೀರನ್ನು ಬಿಡಬೇಕು. ಪಾಲಿಕೆಯ ನೀರು ಬಾರದೆ ಬೋರಿನ ನೀರು ಮಾತ್ರ ಬಿಡುವ ದಿನವಾದರೆ ನಲ್ಲಿ ಬರುತ್ತಲೇ ಇರುತ್ತದೆ, ಕುಡಿಯುವ ನೀರನ್ನು ಮಾತ್ರ ಬೇರೆ ತರಿಸಬೇಕು. ಅರಬ್ಬಿಯಲ್ಲಿ ನಿರ್ವಹಣೆಗೆ «ಸಿಯಾನ» ಎಂದು ಬರೆದು ಬಿಟ್ಟರೆ ಇವೆರಡಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಅದಕ್ಕಾಗಿ ನಾನು ನೆಲದ ಟ್ಯಾಂಕು ಎಂಬರ್ಥದ «ಖಝ್ಝಾನ್ ಅರ್ದಿ»ಯನ್ನು ತೊಳೆದು ಸೋಂಕು ತೆಗೆಯುವ ಸಲುವಾಗಿ ಎಂದು ನೇರವಾಗಿ ಬರೆದೆ. ನೀರು ನಿಲ್ಲುವುದಕ್ಕೆ «ಖತಅ್» ಎಂಬ ಪದ ಸುಲಭವಾಗಿ ನೆನಪಿಗೆ ಬರುತ್ತದೆ. ಆದರೆ ಅದರಲ್ಲಿ ಯಾರೋ ಕತ್ತರಿಸಿದರು ಎಂಬ ಧ್ವನಿ ಇದೆ, ಬಿಲ್ಲು ಕಟ್ಟದವರ ನೀರು ನಿಲ್ಲಿಸುವಾಗಲೂ ಅದನ್ನೇ ಬಳಸುತ್ತಾರೆ. ಬಾಡಿಗೆದಾರರು ಗಾಬರಿಯಾಗುವುದು ಬೇಡವೆಂದು ತಾತ್ಕಾಲಿಕವಾಗಿ ನಿಲ್ಲುವುದೆಂಬ ಅರ್ಥದ «ಇನ್ಖಿತಾಅ್ ಮುಅಖ್ಖತ್» ಎಂದು ಹಾಕಿದೆ.

ಇನ್ನು ತಾರೀಖಿನ ಬರಹ. ಜುಲೈ ತಿಂಗಳಿಗೆ ಈಜಿಪ್ಟ್, ಸುಡಾನ್ ಕಡೆ «ಯೂಲ್ಯೂ» ಎನ್ನುತ್ತಾರೆ, ಜೂನ್‌ಗೆ «ಯೂನ್ಯೂ». ಬರೆಯುವಾಗ ಇವೆರಡರ ನಡುವೆ ಒಂದೇ ಅಕ್ಷರದ ವ್ಯತ್ಯಾಸ: ಒಂದರಲ್ಲಿ ಉದ್ದ ಗೀಟು, ಇನ್ನೊಂದರಲ್ಲಿ ಚಿಕ್ಕ ಹಲ್ಲಿನ ಮೇಲೊಂದು ಚುಕ್ಕೆ. ಮಸುಕಾದ ಜೆರಾಕ್ಸಿನಲ್ಲಿ ಚುಕ್ಕೆ ಕಾಣುವುದಿಲ್ಲ. ಇರಾಕಿನಲ್ಲಿ ಜುಲೈ ಎಂದರೆ «ತಮ್ಮೂಝ್», ಜೂನ್ ಎಂದರೆ «ಹಝೀರಾನ್». ಹಾಗಾಗಿ ಎರಡೂ ಹೆಸರನ್ನು ಅಕ್ಕಪಕ್ಕ ಬರೆದೆ. ಜಾಗ ಸ್ವಲ್ಪ ಹೆಚ್ಚು ಹಿಡಿಯಿತು, ಆದರೆ ಎರಡೂ ಮನೆಯವರಿಗೆ ತಮ್ಮ ತಿಂಗಳು ಸಿಕ್ಕಿತು. ಅಂಕಿಗಳನ್ನು ನಾವು ಬಳಸುವ 1, 2, 3ರಲ್ಲಿಯೇ ಇಟ್ಟೆ. ಪೂರ್ವದ ಅರಬ್ ದೇಶಗಳ ಅಂಕಿಗಳಲ್ಲಿ ಐದು ದುಂಡಗೆ ನಮ್ಮ ಸೊನ್ನೆಯ ಹಾಗೆ ಕಾಣುತ್ತದೆ, ಸೊನ್ನೆ ಬರೀ ಒಂದು ಚುಕ್ಕೆ. ಅರಬ್ಬಿ ಬಾರದ ಕಾವಲುಗಾರ ಅದನ್ನು ನೋಡಿ ಬೋರ್ಡಿಗೆ ಬರೆದರೆ ಐದು ಹೋಗಿ ಸೊನ್ನೆಯಾಗುವುದು ಖಂಡಿತ.

ಕಂಪ್ಯೂಟರಿನಲ್ಲಿ ಟೈಪು ಮಾಡುವಾಗ ಇನ್ನೊಂದು ಅಪಾಯವಿದೆ. ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತದೆ, ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಅರಬ್ಬಿ ವಾಕ್ಯದ ನಡುವೆ 11-8 ಎಂದು ಅಡ್ಡಗೆರೆ ಹಾಕಿ ಟೈಪು ಮಾಡಿದರೆ ಪರದೆಯ ಮೇಲೆ 8-11 ಎಂದು ತಿರುವಿಕೊಂಡು ಕಾಣುತ್ತದೆ. ಬಲದಿಂದ ಓದುವ ಅರಬ್ಬಿಯವರಿಗೆ ಅದು 11ರಿಂದ 8 ಎಂದು ಸರಿಯಾಗಿಯೇ ಸಿಗುತ್ತದೆ. ಆದರೆ ಎಡದಿಂದ ಓದುವ ನಮ್ಮ ಕಚೇರಿಯವರು ತಪ್ಪಾಗಿದೆ ಎಂದು ತಿಳಿದು ಅದಲುಬದಲು ಮಾಡುತ್ತಾರೆ, ನಿಜವಾದ ತಪ್ಪು ಹುಟ್ಟುವುದು ಆಗಲೇ. ಅಡ್ಡಗೆರೆಯನ್ನು ಸಂಪೂರ್ಣ ಬಿಟ್ಟು, ಇಂದ ಎಂಬುದಕ್ಕೆ «ಮಿನ್», ವರೆಗೆ ಎಂಬುದಕ್ಕೆ «ಇಲಾ» ಎಂದು ಅಕ್ಷರದಲ್ಲಿ ಬರೆದರೆ ಈ ತೊಂದರೆ ಬರುವುದಿಲ್ಲ. ಶುರು ಒಂದು ಸಾಲಿನಲ್ಲಿ, ಕೊನೆ ಮತ್ತೊಂದು ಸಾಲಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಕೊನೆಗೆ ಗೋಡೆಗೆ ಅಂಟಿಸಿದ ಅರಬ್ಬಿ ಸೂಚನೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: «ಗೌರವಾನ್ವಿತ ನಿವಾಸಿಗಳೇ, ನೆಲದ ಟ್ಯಾಂಕನ್ನು ತೊಳೆದು ಸೋಂಕು ತೆಗೆಯುವ ಸಲುವಾಗಿ ಕಟ್ಟಡದ ಎಲ್ಲ ಮನೆಗಳಿಗೂ ನೀರು ತಾತ್ಕಾಲಿಕವಾಗಿ ನಿಲ್ಲುತ್ತದೆ. ನಿಲ್ಲುವುದು: ಶುಕ್ರವಾರ, 11 ಜುಲೈ 2025, ಸಂಜೆಯ ನಂತರ 11 ಗಂಟೆಗೆ. ಮರಳಿ ಬರುವುದು: ಶನಿವಾರ, 12 ಜುಲೈ 2025, ಬೆಳಿಗ್ಗೆ 8 ಗಂಟೆಗೆ. ಶುಕ್ರವಾರದ ಮಧ್ಯಾಹ್ನದ ನಮಾಝಿನ ಹೊತ್ತಿಗೆ ನೀರು ಎಂದಿನಂತೆ ಇರುತ್ತದೆ. ಶುಕ್ರವಾರ ರಾತ್ರಿ 11ರ ಒಳಗೆ ನೀರು ಹಿಡಿದಿಟ್ಟುಕೊಳ್ಳಿ. ಶನಿವಾರ ಮೊದಲು ಬರುವ ನೀರು ತಿಳಿಯಾಗುವವರೆಗೆ ಬಿಡಿ, ಅದನ್ನು ಕುಡಿಯಬೇಡಿ.» ರಾತ್ರಿ ಎಂಬ ಕಡೆಯಲ್ಲೆಲ್ಲ «ಲೈಲ» ಬಿಟ್ಟು «ಮಸಾಅ ಯೌಮಿಲ್ ಜುಮುಅ» ಎಂದು, ಶುಕ್ರವಾರ ದಿನದ ಸಂಜೆ ಎಂಬರ್ಥ ಬರುವಂತೆ ಬರೆದಿದ್ದೆ. ಸಂಜೆ ಹಗಲಿಗೇ ಅಂಟಿಕೊಂಡಿರುವುದರಿಂದ ಅದು ಗುರುವಾರಕ್ಕೆ ಜಾರುವುದಿಲ್ಲ. ನಮಾಝಿನ ಸಾಲು ಇಂಗ್ಲಿಷಿನಲ್ಲಿ ಇರಲೇ ಇಲ್ಲ, ಸಂಘದ ಒಪ್ಪಿಗೆ ಪಡೆದು ಸೇರಿಸಿದೆ. ಶುಕ್ರವಾರ ನೀರಿಲ್ಲವೆಂದು ಕೇಳಿದೊಡನೆ ಜುಮ್ಮಾದ ಸ್ನಾನ, ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಝೂ ಹೇಗೆ ಎಂಬುದೇ ಆ ಮನೆಗಳ ಮೊದಲ ಚಿಂತೆ, ಮತ್ತು ಆ ಒಂದು ಸಾಲು ಯಾವ ರಾತ್ರಿ ಎಂಬುದನ್ನೂ ಇನ್ನೊಮ್ಮೆ ಖಚಿತಪಡಿಸುತ್ತದೆ.

ಅಂಟಿಸುವ ಮುನ್ನ ಚೀಟಿಯನ್ನು ಇರಾಕಿನ ಮನೆಯ ಹಿರಿಯ ತಾಯಿಯವರಿಗೆ ತೋರಿಸಿದೆ. ಅರ್ಥವಾಯಿತೇ ಎಂದು ಕೇಳಿದರೆ ಮರ್ಯಾದೆಗಾದರೂ ಎಲ್ಲರೂ ಹೌದೆನ್ನುತ್ತಾರೆ. ಆದ್ದರಿಂದ, «ನೀವು ಬಕೆಟ್ ತುಂಬಿಸುವುದು ಯಾವಾಗ?» ಎಂದು ಕೇಳಿದೆ. ಅವರು ಶುಕ್ರವಾರ ಕತ್ತಲಾದ ಮೇಲಿನ ಇಶಾ ನಮಾಝು ಮುಗಿಸಿಕೊಂಡು ತುಂಬುತ್ತೇವೆ ಎಂದರು. ಸುಡಾನಿನ ಮನೆಯಲ್ಲೂ ಅದೇ ಉತ್ತರ ಬಂತು.

ನಮ್ಮ ಊರಿನಲ್ಲಿ, ಅಥವಾ ರಾಯಚೂರು, ಕೊಪ್ಪಳದಲ್ಲಿ ಅರಬ್ಬಿ ಓದುವ ನಿವಾಸಿಗಳಿರುವ ಅಪಾರ್ಟ್‌ಮೆಂಟಿನವರು ಈ ಮಾದರಿಯನ್ನು ಕೇಳಿದರೆ ಕಳುಹಿಸಿಕೊಡುತ್ತೇನೆ. ಹಳೆಯ ಚೀಟಿಯಲ್ಲಿ ತಾರೀಖು ಮಾತ್ರ ಬದಲಿಸಿ ಹಾಕುವಾಗ ವಾರದ ಹೆಸರು ಮತ್ತು ಎರಡೂ ತಿಂಗಳ ಹೆಸರುಗಳನ್ನು ಬದಲಿಸಲು ಮರೆಯಬೇಡಿ. ಸೂಚನೆ ಹೊರಡಿಸಿದ ದಿನವನ್ನು ಕೆಳಗೆ ಬರೆಯಿರಿ. ಕೆಲಸ ಮುಂದಕ್ಕೆ ಹೋದರೆ ಹಳೆಯದನ್ನು ಗೋಡೆಯಿಂದ ಕಿತ್ತು, ವಾಟ್ಸ್‌ಆ್ಯಪ್ ಗುಂಪಿನಿಂದಲೂ ಅಳಿಸಿದ ಮೇಲೆಯೇ ಹೊಸದನ್ನು ಹಾಕಿ.