ಆ ಪ್ಲಸ್-ಮೈನಸ್ ಸ್ಲೈಡ್ ಬಗ್ಗೆ

"ಪ್ರತಿಬಿಂಬದ ದೂರ v ಪ್ಲಸ್ ಬಂದರೆ ಪ್ರತಿಬಿಂಬ ಮಿಥ್ಯ, ಮೈನಸ್ ಬಂದರೆ ಸತ್ಯ ಅಂತ ಸ್ಲೈಡ್‌ನಲ್ಲಿದೆ, ಇದು ಮಸೂರಕ್ಕೂ ನಡೆಯುತ್ತಾ ಮೇಡಂ?"

ನಡೆಯೋದಿಲ್ಲ. ಅದು ದರ್ಪಣಕ್ಕೆ ಮಾತ್ರ. ಹತ್ತನೇ ತರಗತಿಯ ಬೆಳಕಿನ ಪಾಠದಲ್ಲಿ ಮಕ್ಕಳು ಇಲ್ಲಿ ಸುಲಭವಾಗಿ ಅಂಕ ಕಳೆದುಕೊಳ್ಳಬಹುದು.

ಒಂದು ಲೆಕ್ಕ ಹಾಕಿ ನೋಡಿ. ನಿಮ್ನ ದರ್ಪಣ, ಸಂಗಮ ದೂರ f = −15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿದೆ, ಅಂದರೆ u = −10. 1/v + 1/u = 1/f ಹಾಕಿದರೆ v = +30 ಬರುತ್ತದೆ. ಪ್ರತಿಬಿಂಬ ಮಿಥ್ಯ, ಸ್ಲೈಡ್ ಹೇಳಿದ್ದು ಸರಿ. ಈಗ ಪೀನ ಮಸೂರ ತಗೊಳ್ಳಿ, f = +15, u ಅದೇ −10. ಇಲ್ಲಿ ಸೂತ್ರ 1/v − 1/u = 1/f, ಉತ್ತರ v = −30. ಇದೂ ಮಿಥ್ಯ ಪ್ರತಿಬಿಂಬವೇ, ಆದರೆ ಚಿಹ್ನೆ ಮೈನಸ್!

ಕಾರಣ ಸರಳ. ದರ್ಪಣದಲ್ಲಿ ಬೆಳಕು ಬಂದ ಕಡೆಗೇ ವಾಪಸ್ ಹೋಗುತ್ತದೆ, ಮಸೂರದಲ್ಲಿ ಆಚೆ ದಾಟುತ್ತದೆ, ಹಾಗಾಗಿ ಕಿರಣಗಳು ನಿಜವಾಗಿ ಸೇರುವ ಜಾಗ ದರ್ಪಣಕ್ಕೆ ವಸ್ತು ಇರುವ ಮೈನಸ್ ಕಡೆ, ಮಸೂರಕ್ಕೆ ಆಚೆಯ ಪ್ಲಸ್ ಕಡೆ.

ಎರಡಕ್ಕೂ ಹೊಂದುವ, ನೆನಪಿಟ್ಟುಕೊಳ್ಳುವ ಕೊಕ್ಕೆ ಬೇಕಾದರೆ v ಬಿಟ್ಟು ವರ್ಧನೆ m ನೋಡಿ. "ಮೈನಸ್ ಅಂದ್ರೆ ತಲೆಕೆಳಗು, ಪರದೆ ಮೇಲೆ ಸಿಗುತ್ತೆ" ಅಂತ ಬರೆದರೆ ಸಾಕು. ಮೇಲಿನ ಎರಡೂ ಲೆಕ್ಕದಲ್ಲಿ m = +3, ಅಂದರೆ ನೇರ, ಮಿಥ್ಯ, ಮೂರು ಪಟ್ಟು ದೊಡ್ಡದು. ಆದರೆ ದರ್ಪಣಕ್ಕೆ m = −v/u, ಮಸೂರಕ್ಕೆ m = v/u, ಆ ಒಂದು ಮೈನಸ್ ಮರೆತರೆ ಕೊಕ್ಕೆಯೂ ಕೈಕೊಡುತ್ತದೆ, ಅದನ್ನು ಅದೇ ಸ್ಲೈಡ್‌ನಲ್ಲಿ ಕೆಂಪು ಬಣ್ಣದಲ್ಲಿ ಹಾಕಿ ಮೇಡಂ. ಉಳಿದ ಸ್ಲೈಡ್‌ಗಳು ಚೆನ್ನಾಗಿವೆ, ಅಕ್ಷರ ಮಾತ್ರ ಮೊಬೈಲ್‌ನಲ್ಲಿ ತುಂಬ ಸಣ್ಣ.