ನೆಟ್‌ವರ್ಕ್ ರಿಸೆಟ್ ಅಳಿಸುವುದೇನನ್ನು?

ಫಾರ್ವರ್ಡ್: "ನೆಟ್ ಸ್ಲೋ ಆದ್ರೆ ವಿಂಡೋಸ್‌ನಲ್ಲಿ Network reset ಒತ್ತಿ, ಕಸವೆಲ್ಲ ಹೋಗಿ ಸ್ಪೀಡ್ ಬರುತ್ತೆ."

ಸತ್ಯಾಂಶ: ಅದು ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಹಾಕುತ್ತದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್, ನಾವೇ ಕೊಟ್ಟ ಐಪಿ, ಡಿಎನ್‌ಎಸ್ ಹೋಗುತ್ತವೆ. ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಬಹುದು. ಫೈಲುಗಳಿಗೆ ಏನೂ ಆಗದು. ರೂಟರನ್ನಂತೂ ಅದು ಮುಟ್ಟುವುದೇ ಇಲ್ಲ.

ತುಮಕೂರಿನ ಮಂಡಿಪೇಟೆಯ ಒಂದು ಅಂಗಡಿ ಎಂದುಕೊಳ್ಳಿ. ಬಿಲ್ಲಿಂಗ್ ಡೇಟಾ ಇರುವ ಕಂಪ್ಯೂಟರಿಗೆ 192.168.1.50 ಎಂದು ಐಪಿ ಕೊಟ್ಟಿರುತ್ತಾರೆ. ರಿಸೆಟ್ ಆದರೆ ಆ ಸಂಖ್ಯೆ ಬದಲಾಗಬಹುದು, ಆಗ ಕೌಂಟರಿನ ಕಂಪ್ಯೂಟರಿಗೆ ಅದು ಸಿಗದೆ ಬಿಲ್ಲೇ ನಿಲ್ಲುತ್ತದೆ.

ಮೊದಲು ಅದೇ ವೈಫೈಯಲ್ಲಿ ಮೊಬೈಲ್ ನೋಡಿ. ಅದೂ ನಿಧಾನವಾದರೆ ತೊಂದರೆ ಲೈನಿನದು ಅಥವಾ ರೂಟರಿನದು. ಒಂದೇ ಕಂಪ್ಯೂಟರಿಗೆ ನೆಟ್ ಬಾರದೆ, ರೀಸ್ಟಾರ್ಟ್‌ಗೂ ಬಗ್ಗದಿದ್ದರೆ, ಅದರಲ್ಲೂ ವಿಪಿಎನ್ ತೆಗೆದ ಮೇಲೆ ಹೀಗಾಗಿದ್ದರೆ, ರಿಸೆಟ್ ಮಾಡಿ ನೋಡಬಹುದು. ಒತ್ತುವ ಮುನ್ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಕಮಾಂಡ್ ತೋರಿಸುವುದರ ಫೋಟೊ ತೆಗೆದಿಡಿ:

```
ipconfig /all
```