ಸೆಟಲ್‌ಮೆಂಟ್‌ನಲ್ಲಿ ಕಟ್ ಆದದ್ದೆಲ್ಲ ಕಮಿಷನ್ ಅಲ್ಲ

ಆನ್‌ಲೈನ್‌ನಲ್ಲಿ ಮಾರುವ ಗೆಳೆಯರು ಆಗಾಗ ಸೆಟಲ್‌ಮೆಂಟ್ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಜೊತೆಗೆ ಒಂದೇ ಸಾಲು: "ನೋಡಿ ಸಾರ್, 1,050ಕ್ಕೆ ಮಾರಿದ್ರೆ ಕೈಗೆ ಬಂದಿದ್ದು 760. ಹೀಗೆ ಸುಲಿದ್ರೆ ಹೇಗೆ?" ಸಿಟ್ಟು ಸರಿಯೇ. ಆದರೆ ಲೆಕ್ಕ ಸರಿ ಇಲ್ಲ.

ಒಂದೇ ಒಂದು ಆರ್ಡರ್ ಬಿಡಿಸಿ ನೋಡೋಣ. ಕುರ್ತಾದ ಬೆಲೆ 1,000, ಅದರ ಮೇಲೆ 5% ಜಿಎಸ್‌ಟಿ 50, ಗ್ರಾಹಕ ಕೊಟ್ಟದ್ದು 1,050. ಪರದೆಯಲ್ಲಿ ಕಮಿಷನ್ 150, ಶಿಪ್ಪಿಂಗ್ 70, ಫಿಕ್ಸೆಡ್ ಫೀ 20. ಅದರ ಕೆಳಗೆ ಟ್ಯಾಕ್ಸ್ ಅಂತ ಒಂದೇ ಸಾಲಿನಲ್ಲಿ 49.20. ಖಾತೆಗೆ ಬಂದದ್ದು 760.80.

ಗೊಂದಲ ಹುಟ್ಟುವುದೇ ಈ 49.20ರಲ್ಲಿ. ಇದರೊಳಗೆ ಮೂರು ಬೇರೆ ಬೇರೆ ದುಡ್ಡು ಕೂತಿದೆ. ಮೊದಲು ಮೂರೂ ಶುಲ್ಕ ಕೂಡಿಸಿ, 240. ಅದರ 18% ಎಂದರೆ 43.20. ಇದು ಶುಲ್ಕದ ಮೇಲಿನ ಜಿಎಸ್‌ಟಿ. ಉಳಿದದ್ದು 6. ಅದರಲ್ಲಿ 5 ರೂಪಾಯಿ ಟಿಸಿಎಸ್, ಅಂದರೆ ಪ್ಲಾಟ್‌ಫಾರ್ಮ್‌ನವರು ನಿಮ್ಮ ಹೆಸರಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ, ತೆರಿಗೆ ಬಿಟ್ಟ 1,000ದ ಮೇಲೆ 0.5%. ಕೊನೆಯ 1 ರೂಪಾಯಿ ಆದಾಯ ತೆರಿಗೆಯ ಟಿಡಿಎಸ್, 0.1%. ಹಳೇ ವಿಡಿಯೋ ನೋಡಿದವರು ಎರಡೂ 1% ಎಂದು ಲೆಕ್ಕ ಹಾಕುತ್ತಾರೆ. ಟಿಸಿಎಸ್ 2024ರ ಜುಲೈ 10ರಿಂದ ಅರ್ಧವಾಗಿದೆ, ಟಿಡಿಎಸ್ ಅದೇ ವರ್ಷ ಅಕ್ಟೋಬರ್ 1ರಿಂದ ಇಳಿದಿದೆ.

ಮೂರೂ ಮೂರು ಕಡೆಯಿಂದ ವಾಪಸ್ ಬರುತ್ತವೆ. 43.20 ಇನ್‌ಪುಟ್ ಕ್ರೆಡಿಟ್ ಆಗಿ ಜಿಎಸ್‌ಟಿಆರ್-2ಬಿಯಲ್ಲಿ ಸಿಗುತ್ತದೆ. 5 ರೂಪಾಯಿ ನಿಮ್ಮ ಜಿಎಸ್‌ಟಿ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. 1 ರೂಪಾಯಿ ನಿಮ್ಮ ಪ್ಯಾನ್‌ಗೆ ಜಮೆ. ಹಾಗಾಗಿ ನಿಜವಾದ ಖರ್ಚು 240 ಮಾತ್ರ. ಇನ್ನು ಆ 1,050ರಲ್ಲಿ 50 ಸರ್ಕಾರದ್ದು, ಅದು ಮೊದಲಿಂದಲೂ ನಿಮ್ಮದಾಗಿರಲಿಲ್ಲ. "ಇಪ್ಪತ್ತೆಂಟು ಪರ್ಸೆಂಟ್ ಕಮಿಷನ್" ಅನ್ನುವ ಮಾತು ಬರುವುದು ಇದನ್ನೆಲ್ಲ ಒಟ್ಟಿಗೆ ಸೇರಿಸಿದಾಗ. ಕಮಿಷನ್ ಅಂತ ಹೋದದ್ದು 150 ಅಷ್ಟೇ.

ಒಂದು ಮಾತು ಬಿಡುವಂತಿಲ್ಲ. ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಅವರಿಗೆ ಆ 43.20 ಕೂಡ ಖರ್ಚೇ.

ಈಗ ರಿಟರ್ನ್. ನನ್ನ ಪ್ರಕಾರ ಕಮಿಷನ್‌ಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇದಕ್ಕೆ. ಅದೇ ಕುರ್ತಾ ಎರಡು ವಾರದ ಮೇಲೆ ವಾಪಸ್ ಬಂತು ಅಂದುಕೊಳ್ಳಿ. ಆ ವಾರದ ಸೆಟಲ್‌ಮೆಂಟ್‌ನಲ್ಲಿ 1,050 ಕಳೆಯುತ್ತಾರೆ. ಕಮಿಷನ್ 150, ಅದರ ಜಿಎಸ್‌ಟಿ 27 ಮತ್ತು ಟಿಸಿಎಸ್ 5 ಹಿಂದಕ್ಕೆ ಕೊಡುತ್ತಾರೆ. ಶಿಪ್ಪಿಂಗ್, ಫಿಕ್ಸೆಡ್ ಫೀ ಕೊಡುವುದಿಲ್ಲ. ಮೇಲಿಂದ ರಿಟರ್ನ್ ಶಿಪ್ಪಿಂಗ್ 90, ಅದರ ಜಿಎಸ್‌ಟಿ 16.20. ಒಟ್ಟು ಮೈನಸ್ 974.20. ಮೊದಲು ಬಂದದ್ದು 760.80. ಅಂದರೆ 213.40 ಕೈ ಬಿಟ್ಟಿತು. ವಾಪಸ್ ಬರದ ಶುಲ್ಕ ಮತ್ತು ರಿಟರ್ನ್ ಶಿಪ್ಪಿಂಗ್ ಮೇಲಿನ ಜಿಎಸ್‌ಟಿ ಕ್ರೆಡಿಟ್ 32.40, ಟಿಡಿಎಸ್ 1 ತೆಗೆದರೆ ನಿಜವಾದ ನಷ್ಟ 180. ಮಾರಾಟವೇ ಆಗದ ಕುರ್ತಾಕ್ಕೆ! ಯಾವ ಫೀ ವಾಪಸ್ ಕೊಡುತ್ತಾರೆ ಅನ್ನುವುದು ಒಂದೊಂದು ಪ್ಲಾಟ್‌ಫಾರ್ಮ್‌ಗೆ ಒಂದೊಂದು ಥರ. ಡೆಲಿವರಿಯೇ ಆಗದೆ ಹಿಂದೆ ಬಂದ ಆರ್‌ಟಿಓಗೂ ಗ್ರಾಹಕ ವಾಪಸ್ ಕಳಿಸಿದ್ದಕ್ಕೂ ಎಷ್ಟೋ ಕಡೆ ರೇಟು ಬೇರೆ. ನಿಮ್ಮ ರೇಟ್ ಕಾರ್ಡ್ ನೋಡಿಕೊಳ್ಳಿ.

ಸ್ಕ್ರೀನ್‌ಶಾಟ್ ಇಲ್ಲಿ ಮೋಸ ಮಾಡುತ್ತದೆ. ಮೈನಸ್ 974.20 ಈ ವಾರದ ಬೇರೆ ಮಾರಾಟದ ಜೊತೆ ಬೆರೆತು ಹೋಗುತ್ತದೆ. ಈ ವಾರ ವ್ಯಾಪಾರ ಕೆಟ್ಟಿದೆ ಅನ್ನಿಸುತ್ತದೆ, ಆದರೆ ಕೆಟ್ಟದ್ದು ಹಳೇ ಆರ್ಡರ್. ಅದಕ್ಕೇ ಸ್ಕ್ರೀನ್‌ಶಾಟ್ ಬಿಟ್ಟು ಸೆಟಲ್‌ಮೆಂಟ್ ರಿಪೋರ್ಟಿನ ಎಕ್ಸೆಲ್ ಇಳಿಸಿಕೊಂಡು ಆರ್ಡರ್ ಐಡಿ ಪ್ರಕಾರ ಸಾರ್ಟ್ ಮಾಡಿ. ಒಂದೇ ಐಡಿ ಎರಡು ಸಲ ಕಂಡರೆ, ಎರಡನ್ನೂ ಕೂಡಿಸಿದ ಮೇಲೆಯೇ ಆ ಆರ್ಡರ್‌ನ ಕಥೆ ಗೊತ್ತಾಗುವುದು.

ಟಿಸಿಎಸ್ ತಾಳೆ ಹಾಕುವಾಗಲೂ ಇದೇ ತೊಡಕು. ತಿಂಗಳ ಕೊನೆಯ ಮಾರಾಟದ ದುಡ್ಡು ಮುಂದಿನ ತಿಂಗಳು ಬ್ಯಾಂಕಿಗೆ ಬರುತ್ತದೆ. ಆದರೆ ಪ್ಲಾಟ್‌ಫಾರ್ಮ್‌ನವರು ತಮ್ಮ ಟಿಸಿಎಸ್ ಲೆಕ್ಕವಾದ ಜಿಎಸ್‌ಟಿಆರ್-8ರಲ್ಲಿ ತೋರಿಸುವುದು ಮಾರಾಟವಾದ ತಿಂಗಳಿನ ಲೆಕ್ಕ, ಅದೂ ಆ ತಿಂಗಳು ವಾಪಸ್ ಬಂದ ಮಾಲು ಕಳೆದು. ಬ್ಯಾಂಕ್ ತಾರೀಖು ಹಿಡಿದು ಕೂಡಿಸಿದರೆ ಎರಡೂ ಹೊಂದುವುದಿಲ್ಲ. ಅದನ್ನು ನೋಡಿ "ಟಿಸಿಎಸ್ ನುಂಗಿದ್ದಾರೆ" ಅಂತ ಟಿಕೆಟ್ ಹಾಕಬೇಡಿ. ಮೊದಲು ಆರ್ಡರ್ ತಿಂಗಳ ಪ್ರಕಾರ ಕೂಡಿಸಿ ನೋಡಿ, ಆಮೇಲೂ ಕಡಿಮೆ ಇದ್ದರೆ ಜಗಳ ಆಡಿ.

ಇನ್ನೊಂದು, ಟಿಸಿಎಸ್ ಸುಮ್ನೆ ತಾನಾಗಿ ಲೆಡ್ಜರ್‌ಗೆ ಬಂದು ಬೀಳುವುದಿಲ್ಲ. ಪ್ಲಾಟ್‌ಫಾರ್ಮ್‌ನವರು ಮುಂದಿನ ತಿಂಗಳು 10ರೊಳಗೆ ಜಿಎಸ್‌ಟಿಆರ್-8 ಹಾಕಬೇಕು. ಆಮೇಲೆ ನೀವು ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS Credit Received` ತೆರೆದು, ಸಾಲು ಸಾಲಾಗಿ ಒಪ್ಪಿ, ಫೈಲ್ ಮಾಡಬೇಕು. ಆಡಿಟರ್ ಮಾಡಿರುತ್ತಾರೆ ಅಂತ ಎಷ್ಟೋ ಜನ ಆ ಪುಟವನ್ನೇ ತೆರೆದಿರುವುದಿಲ್ಲ. ಅಲ್ಲಿ ಹಳೇ ತಿಂಗಳುಗಳ ಸಾಲು ಹಾಗೇ ಕೂತಿದೆಯಾ ಅಂತ ಇವತ್ತೇ ಒಮ್ಮೆ ಇಣುಕಿ ನೋಡಿ.